ಮೋಲ್ ಏಣಿ: ಒಂದು ಹೆಜ್ಜೆಯಿಂದ ಐದು ಹೆಜ್ಜೆಯವರೆಗೆ

ಪ್ರಥಮ ಪಿಯುಸಿ, ರಸಾಯನಶಾಸ್ತ್ರ. ಸೋಮವಾರ ಬರುವಾಗ ಬಿಡಿಸಿ ತನ್ನಿ. ಮಧ್ಯದಲ್ಲಿ ಸಿಕ್ಕಿಕೊಂಡರೆ ಹಿಂದಿನ ಮೆಟ್ಟಿಲಿಗೆ ಇಳಿದು ಮತ್ತೆ ಹತ್ತಿ.

ಪರಮಾಣು ರಾಶಿ: H = 1, C = 12, O = 16, Na = 23, Mg = 24, S = 32, Cl = 35.5, Ca = 40. ಅವೊಗಾಡ್ರೋ ಸಂಖ್ಯೆ 6.022 × 10²³. ಅನಿಲದ ಗಾತ್ರವೆಲ್ಲ 273 ಕೆಲ್ವಿನ್, 1 ಅಟ್ಮಾಸ್ಫಿಯರ್‌ನಲ್ಲಿ. ಅಲ್ಲಿ 1 ಮೋಲ್‌ಗೆ 22.4 ಲೀಟರ್.

ಮೊದಲ ಮೆಟ್ಟಿಲು: ಒಂದೇ ಭಾಗಾಕಾರ ಅಥವಾ ಗುಣಾಕಾರ

1. 36 ಗ್ರಾಂ ನೀರಿನಲ್ಲಿ ಎಷ್ಟು ಮೋಲ್?
2. 0.5 ಮೋಲ್ ಅಡುಗೆ ಉಪ್ಪು (NaCl) ಎಷ್ಟು ಗ್ರಾಂ ತೂಗುತ್ತದೆ?
3. 3.011 × 10²³ ಹೀಲಿಯಂ ಪರಮಾಣುಗಳು ಎಷ್ಟು ಮೋಲ್?

ಎರಡನೆಯದು: ಗ್ರಾಂನಿಂದ ಮೋಲ್, ಮೋಲ್‌ನಿಂದ ಮುಂದಕ್ಕೆ

4. 11 ಗ್ರಾಂ CO₂ ಎಷ್ಟು ಲೀಟರ್ ಜಾಗ ಹಿಡಿಯುತ್ತದೆ?
5. 8 ಗ್ರಾಂ ಆಕ್ಸಿಜನ್ ಅನಿಲದಲ್ಲಿ ಎಷ್ಟು ಅಣುಗಳಿವೆ? (16ರಿಂದ ಭಾಗಿಸಿದವರು ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಪ್ರತಿ ವರ್ಷ ಅರ್ಧ ತರಗತಿ ಇಲ್ಲೇ ಜಾರುತ್ತದೆ.)

ಮೂರನೆಯದು: ಸೂತ್ರದ ಒಳಗೆ ಇಣುಕಿ

ಮಾದರಿ: 4.9 ಗ್ರಾಂ H₂SO₄ನಲ್ಲಿ ಆಕ್ಸಿಜನ್ ಪರಮಾಣುಗಳೆಷ್ಟು?
ಮೋಲಾರ್ ರಾಶಿ = 2 + 32 + 64 = 98
ಮೋಲ್ = 4.9 ÷ 98 = 0.05
ಒಂದು ಅಣುವಿನಲ್ಲಿ O ನಾಲ್ಕು, ಹಾಗಾಗಿ 0.05 × 4 = 0.2 ಮೋಲ್
0.2 × 6.022 × 10²³ = 1.2044 × 10²³ ಪರಮಾಣುಗಳು

ನಾಲ್ಕು ಸಾಲನ್ನೂ ಹೀಗೇ ಬರೆಯಿರಿ. ಬಾಯಲ್ಲೇ ಲೆಕ್ಕ ಹಾಕಿ ಉತ್ತರ ಮಾತ್ರ ಬರೆದರೆ, ಎಲ್ಲಿ ತಪ್ಪಿತು ಅಂತ ನನಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ.

6. 18 ಗ್ರಾಂ ಗ್ಲೂಕೋಸ್‌ನಲ್ಲಿ (C₆H₁₂O₆) ಕಾರ್ಬನ್ ಪರಮಾಣುಗಳೆಷ್ಟು?

ನಾಲ್ಕನೆಯದು: ಸಮೀಕರಣ ಬಂತು

7. 2NaHCO₃ → Na₂CO₃ + H₂O + CO₂. 8.4 ಗ್ರಾಂ ಅಡುಗೆ ಸೋಡಾ ಪೂರ್ತಿ ವಿಭಜನೆಯಾದರೆ ಎಷ್ಟು ಲೀಟರ್ CO₂? ಎದುರಿಗಿರುವ ಆ 2 ಅನ್ನು ಮರೆಯಬೇಡಿ.
8. 2Mg + O₂ → 2MgO. 4.8 ಗ್ರಾಂ ಮೆಗ್ನೀಷಿಯಂ, 1.6 ಗ್ರಾಂ ಆಕ್ಸಿಜನ್ ಕೊಟ್ಟಿದೆ. ಮೊದಲು ಖಾಲಿಯಾಗುವುದು ಯಾವುದು? MgO ಎಷ್ಟು ಗ್ರಾಂ? ಉಳಿದದ್ದೇನು, ಎಷ್ಟು? ಕೊನೆಗೆ ಎರಡೂ ಕಡೆಯ ತೂಕ ಕೂಡಿ ನೋಡಿ. ತಾಳೆಯಾಗದಿದ್ದರೆ ಲೆಕ್ಕ ತಪ್ಪಿದೆ.

ಕೊನೆಯ ಮೆಟ್ಟಿಲು

9. ಸುಣ್ಣದ ಗೂಡಿಗೆ ಹಾಕಿದ ಕಲ್ಲಿನಲ್ಲಿ CaCO₃ ಶೇ. 80, ಉಳಿದದ್ದು ಕಾಸಿದರೂ ಬದಲಾಗದ ಮಣ್ಣು. ಅದರ 50 ಗ್ರಾಂ ಚೂರನ್ನು ಕಾಸಿದಾಗ CaCO₃ → CaO + CO₂ ಕ್ರಿಯೆ ನಡೆಯಿತು. ಉರಿ ಬೇಗ ಆರಿದ್ದರಿಂದ ಹೊರಬಂದ CO₂ 7.84 ಲೀಟರ್ ಮಾತ್ರ.
ಅ) ಪೂರ್ತಿ ಬೆಂದಿದ್ದರೆ ಎಷ್ಟು ಲೀಟರ್ ಬರಬೇಕಿತ್ತು?
ಆ) CaCO₃ನಲ್ಲಿ ಶೇಕಡಾ ಎಷ್ಟು ಬೆಂದಿದೆ?
ಇ) ಗೂಡಿನಲ್ಲಿ ಉಳಿದ ಘನವಸ್ತು ಒಟ್ಟು ಎಷ್ಟು ಗ್ರಾಂ? (ಮಣ್ಣನ್ನೂ, ಬೇಯದೆ ಉಳಿದದ್ದನ್ನೂ ಸೇರಿಸಿ.)

ಉತ್ತರಗಳು (ಬಿಡಿಸಿದ ಮೇಲೆ ನೋಡಿ)
1) 2
2) 29.25 ಗ್ರಾಂ
3) 0.5
4) 5.6 ಲೀಟರ್
5) 1.5055 × 10²³
6) 3.6132 × 10²³
7) 1.12 ಲೀಟರ್
8) ಆಕ್ಸಿಜನ್, 4 ಗ್ರಾಂ, ಮೆಗ್ನೀಷಿಯಂ 2.4 ಗ್ರಾಂ
9) 8.96 ಲೀಟರ್, ಶೇ. 87.5, 34.6 ಗ್ರಾಂ