ಉಣ್ಣುವವಳಿಲ್ಲದಿದ್ದರೂ ಚರಗ

ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಕೊಪ್ಪದ ಗದ್ದೆಯಂಚಿಗೆ ನಿಂತು ಒಬ್ಬ ‘ಅಚ್ಚಂಬಲಿ, ಹಾಲಂಬಲಿ’ ಎಂದು ಕೂಗಿ, ಭೂತಾಯಿಗೆಂದು ಬೇಯಿಸಿದ ಚರಗವನ್ನು ಗದ್ದೆಗೆ ಬೀರುತ್ತಾನೆ. ಭೂತಾಯಿ ಉಣ್ಣುತ್ತಾಳೆಂದು ಅವನು ನಂಬದಿದ್ದರೆ ಆಚರಣೆ ಕೆಟ್ಟಿತೇ?

ವೇದದ ವಿಧಿಗಳನ್ನು ಅರ್ಥೈಸುವ ಮೀಮಾಂಸಕರ ಪ್ರಕಾರ ಇಲ್ಲ. ಅವರ ಹಳೆಯ ವ್ಯಾಖ್ಯಾನವಾದ ಶಬರಭಾಷ್ಯದಲ್ಲಿ ದೇವತೆಗೆ ಮೈಯೂ ಇಲ್ಲ, ಊಟವೂ ಇಲ್ಲ, ವಿಧಿಯೇ ಎಲ್ಲ. ಮಾನವಶಾಸ್ತ್ರಜ್ಞ ರಾಯ್ ರಾಪಪೋರ್ಟ್ (1999) ಇನ್ನೊಂದು ದಾರಿಯಲ್ಲಿ ಅಲ್ಲಿಗೇ ಬರುತ್ತಾರೆ: ಪಾಲ್ಗೊಳ್ಳುವುದೆಂದರೆ ನಾಲ್ಕು ಜನರೆದುರು ಒಪ್ಪಿಕೊಂಡಂತೆ, ಒಳಗಿನ ನಂಬಿಕೆ ಬೇರೆ ಮಾತು. ತತ್ವಜ್ಞಾನಿ ಜೆ.ಎಲ್. ಆಸ್ಟಿನ್‌ರ ವಿಂಗಡಣೆ ಇನ್ನೂ ಹರಿತ: ಮಾತಿನಿಂದ ನಡೆಯುವ ಕ್ರಿಯೆ ನಿಯಮ ತಪ್ಪಿ ನಡೆಯದೇ ಹೋಗುವುದು ಒಂದು, ಮನಸ್ಸಿಲ್ಲದೆ ನಡೆಯುವುದು ಇನ್ನೊಂದು. ಅದನ್ನಿಲ್ಲಿಗೆ ತಂದರೆ, ಹುಣ್ಣಿಮೆ ಕಳೆದು ಬೀರಿದ್ದು ಚರಗವೇ ಅಲ್ಲ. ಮನಸ್ಸಿಲ್ಲದೆ ಬೀರಿದ್ದು ಚರಗವೇ, ಆದರೆ ಟೊಳ್ಳು.

ನನಗೊಂದು ತಕರಾರಿದೆ. ಒಬ್ಬ ನಂಬದಿರಬಹುದು, ಸರಿ. ಊರಲ್ಲಿ ಯಾರೂ ನಂಬದೆ, ಚರಗ ಒಯ್ಯುವ ಭೂಮಣ್ಣಿ ಬುಟ್ಟಿಗೆ ಫೋಟೋಗೆಂದೇ ಚಿತ್ತಾರ ಬರೆದರೆ, ಚರಗ ಬೀರುವವನು ಒಪ್ಪಿಕೊಳ್ಳುತ್ತಿರುವುದು ಏನನ್ನು?