ಗೋಡೆ ಮೇಲಿನ ಚಿಕ್ಕಿ

(3ರಿಂದ 5 ವರ್ಷದ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹೇಳುವ ಕಥೆ. ಕಂಸದಲ್ಲಿ ಇರೋದನ್ನು ಓದಬೇಡಿ, ಮಾಡಿ ತೋರಿಸಿ. ಮಕ್ಕಳಿಗೆ "ನೀವೂ ಮಾಡಿ" ಅಂತ ಹೇಳಬೇಕಾಗಿಲ್ಲ, ಎರಡನೇ ಸಲಕ್ಕೆ ತಾವೇ ಶುರು ಮಾಡ್ತಾರೆ. ಕೈಯಲ್ಲಿ ನಾಲ್ಕು ಸೌತೆ ಬೀಜ ಇದ್ದರೆ ಒಳ್ಳೇದು.)

ತೀರ್ಥಹಳ್ಳಿ ದಾಟಿ ಮುಂದೆ ಹೋದರೆ ಒಂದು ಗುಡ್ಡ. (ಎರಡೂ ಕೈ ತಲೆ ಮೇಲೆ ಜೋಡಿಸಿ ಗುಡ್ಡ.) ಗುಡ್ಡದ ಕೆಳಗೆ ಅಡಿಕೆ ತೋಟ. (ಕೈ ಮೇಲೆತ್ತಿ, ಮರದ ಹಾಗೆ ಆ ಕಡೆ ಈ ಕಡೆ ತೂಗಿ.) ತೋಟದ ಪಕ್ಕ ಒಂದು ಹೆಂಚಿನ ಮನೆ. ಆ ಮನೇಲಿ ಒಬ್ಬಳು ಅಜ್ಜಿ, ಅಜ್ಜಿಗೆ ಒಬ್ಬಳು ಮೊಮ್ಮಗಳು. ಅವಳ ಹೆಸರು ಪುಟ್ಟಿ.

ದೀಪಾವಳಿ ಮುಗಿದಿತ್ತು. ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತು ಹಣ್ಣಾದ ಸೌತೆಕಾಯಿ ಹೆಚ್ಚಿದಳು. ಕಚಕ್! (ಒಂದು ಕೈಯಿಂದ ಇನ್ನೊಂದು ಕೈಯನ್ನು ಕೊಯ್ದ ಹಾಗೆ.) ಒಳಗೆ ಏನಿತ್ತು? ಬೀಜ! ಜಾರೋ ಜಾರೋ ಬೀಜ. ಅಜ್ಜಿ ಬೀಜಕ್ಕೆಲ್ಲ ಒಲೆಯ ಬೂದಿ ಕಲಸಿದಳು. (ಅಂಗೈ ಅಂಗೈ ಉಜ್ಜಿ.) ಆಮೇಲೆ ಅಡುಗೆಮನೆ ಗೋಡೆಗೆ ಹೊಡೆದಳು. ಪಚ್! ಪಚ್! ಪಚ್! (ಗಾಳಿಗೆ ಅಂಗೈ ಬಡಿದು. ಇದನ್ನು ಮಕ್ಕಳು ಇನ್ನೂ ಮಾಡೋಣ ಅಂತಾರೆ, ನಾಲ್ಕು ಸಲ ಜಾಸ್ತಿ ಮಾಡಿ.)

ಗೋಡೆ ತುಂಬ ಬೀಜ. ಎಲ್ಲಕ್ಕಿಂತ ತುದೀಲಿ ಅಂಟಿಕೊಂಡಿದ್ದ ಪುಟಾಣಿ ಬೀಜದ ಹೆಸರು ಚಿಕ್ಕಿ. (ಮುಷ್ಟಿ ಬಿಗಿ ಹಿಡಿದು ಎದೆಗೆ ಒತ್ತಿ. ಇದೇ ಚಿಕ್ಕಿ.)

ಚಿಕ್ಕಿಗೆ ಬಲು ಅವಸರ. ಗೋಡೆಗೆ ಅಂಟಿದ್ದೇ ತಡ, "ಈಗ ಹುಟ್ಲಾ?" ಅಂತ ಕೇಳಿತು. (ಮುಷ್ಟಿ ಅಲ್ಲಾಡಿಸಿ.)

ಗೋಡೆ ಮೇಲೆ ಇನ್ಯಾರಿದ್ದರು ಗೊತ್ತಾ? ಹಲ್ಲಿಯಣ್ಣ. ಅವನು ಹೇಳಿದ:

"ಲೊಚ್ ಲೊಚ್ ಲೊಚ್. ಈಗ ಬೇಡ!" (ನಾಲಿಗೆ ಲೊಚಗುಟ್ಟಿಸಿ, ತಲೆ ಅಲ್ಲಾಡಿಸಿ.)

ಚಳಿ ಬಂತು. ಬೆಳಿಗ್ಗೆ ಎದ್ದರೆ ಬರೀ ಮಂಜು, ಅಂಗಳದ ತುಳಸಿಕಟ್ಟೆಯೂ ಕಾಣಲ್ಲ. ಹೂ ಹೂ ಹೂ! (ಮೈ ತಬ್ಬಿಕೊಂಡು ನಡುಗಿ.) ರಾತ್ರಿ ಎಲ್ಲ ಸೇರಿ ಅಡಿಕೆ ಸುಲಿದರು. ಚಿಕ್ಕಿ ಕೇಳಿತು, "ಈಗ ಹುಟ್ಲಾ?"

"ಲೊಚ್ ಲೊಚ್ ಲೊಚ್. ಈಗ ಬೇಡ!"

ಬಿಸಿಲು ಬಂತು. ಉಸ್ಸಪ್ಪಾ! (ಹಣೆ ಒರೆಸಿ.) ಅಜ್ಜಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸಿದಳು. ಪುಟ್ಟಿ ಒಂದು ಹಸಿ ಹಪ್ಪಳ ಕದ್ದು ತಿಂದಳು. ಚಿಕ್ಕಿ ಕೇಳಿತು, "ಈಗ ಹುಟ್ಲಾ?"

"ಲೊಚ್ ಲೊಚ್ ಲೊಚ್. ಈಗ ಬೇಡ!"

ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಗುಡುಗಿತು. ಗುಡು ಗುಡು ಗುಡು! (ಕಾಲಿನಿಂದ ನೆಲ ಬಡಿದು.) ನಾಲ್ಕು ಹನಿ ಬಿತ್ತು. ಟಪ್, ಟಪ್, ಟಪ್, ಟಪ್. "ಮಳೆ! ಮಳೆ! ನಾನು ಹೊರಟೆ!" ಚಿಕ್ಕಿ ಕುಣಿದೇ ಕುಣಿಯಿತು. ಕುಣಿದು ಕುಣಿದು ಗೋಡೆಯಿಂದ ಅರ್ಧ ಕಿತ್ತುಕೊಂಡು ಬಂತು! (ಒಂದು ಕಡೆ ವಾಲಿ.) ಅಷ್ಟರಲ್ಲಿ ಮಳೆ ನಿಂತೇ ಹೋಯ್ತು. ಮಾರನೇ ದಿನ ಮತ್ತೆ ಸುಡು ಬಿಸಿಲು.

ಚಿಕ್ಕಿಗೆ ಅಳು ಬಂತು. "ಹಲ್ಲಿಯಣ್ಣಾ, ನನಗೆ ಕಾಯೋಕೇ ಬರಲ್ಲ."

"ಅಯ್ಯೋ ಮಾರಾಯ್ತಿ, ಅದಕ್ಯಾಕೆ ಅಳ್ತೀಯ? ನಾನು ಹುಳ ಹಿಡಿಯೋದನ್ನ ನೋಡು" ಅಂದ ಹಲ್ಲಿಯಣ್ಣ.

ದೀಪದ ಹತ್ತಿರ ಒಂದು ಹುಳ ಬಂತು. ಹಲ್ಲಿಯಣ್ಣ ಬೆರಳಗಲಿಸಿ ಗೋಡೆಗೆ ಒತ್ತಿದ. (ಅಂಗೈ ನೆಲಕ್ಕೆ ಊರಿ.) ಬಾಲ ನಿಲ್ಲಿಸಿದ. ಹೊಟ್ಟೆ ಒಂದೇ ಮೇಲೆ ಕೆಳಗೆ, ಮೇಲೆ ಕೆಳಗೆ. (ನಿಧಾನ ಉಸಿರು.) ಕಣ್ಣು ಮಾತ್ರ ಹುಳದ ಮೇಲೆ. ಹುಳ ಆ ಕಡೆ ಹೋಯ್ತು. ಹಲ್ಲಿಯಣ್ಣ ಅಲ್ಲಾಡಲಿಲ್ಲ. ಈ ಕಡೆ ಬಂತು. ಅಲ್ಲಾಡಲಿಲ್ಲ. ಹತ್ತಿರ ಬಂತು… ಹತ್ತಿರ… ಇನ್ನೂ ಹತ್ತಿರ…

(ಇಲ್ಲಿ ನೀವು ಮಾತು ನಿಲ್ಲಿಸಿ. ಎಲ್ಲರೂ ಹಲ್ಲಿ ಥರ ಗಪ್‌ಚಿಪ್. ಯಾರಾದರೂ ಒಬ್ಬರು ಕಿಸಕ್ಕಂತ ನಕ್ಕೇ ನಗ್ತಾರೆ. ನಗಲಿ ಬಿಡಿ.)

ಲಬಕ್! (ಒಂದೇ ಸಲ ಚಪ್ಪಾಳೆ.)

"ಈಗ ನಾನು ಮಾಡ್ತೀನಿ" ಅಂತು ಚಿಕ್ಕಿ. ಮೈ ಮುದುಡಿಕೊಂಡಿತು. (ಮಂಡಿ ತಬ್ಬಿಕೊಂಡು, ತಲೆ ತಗ್ಗಿಸಿ.) ಕಣ್ಣು ಮುಚ್ಚಿತು. ಕಿವಿ ಮಾತ್ರ ತೆರೆದಿಟ್ಟಿತು. ಕಾವಲಿ ಮೇಲೆ ದೋಸೆ ಚುಂಯ್ ಅನ್ನೋದು ಕೇಳಿಸಿತು. ಮಳೆಯಲ್ಲ. ಜೀರುಂಡೆ ಜೀರ್ ಅನ್ನೋದು ಕೇಳಿಸಿತು. ಅದೂ ಮಳೆಯಲ್ಲ. ಚಿಕ್ಕಿ ಅಲ್ಲಾಡಲಿಲ್ಲ. "ಹುಟ್ಲಾ" ಅಂತಲೂ ಕೇಳಲಿಲ್ಲ.

ಕೊನೆಗೆ ರೋಹಿಣಿ ಮಳೆ ಬಂತು.

ಮೊದಲು ಒಂದು ಹನಿ. (ಒಂದು ಬೆರಳಿಂದ ಅಂಗೈ ತಟ್ಟಿ.) ಎರಡು ಹನಿ. (ಎರಡು ಬೆರಳು.) ಮೂರು. ನಾಲ್ಕು. ಆಮೇಲೆ ಹೆಂಚಿನ ಮೇಲೆ ಧೋ ಅಂತ! (ತೊಡೆ ಮೇಲೆ ಎರಡೂ ಕೈ ಜೋರಾಗಿ.) ಒಂದು ದಿನ ಬಂತು, ಎರಡು ದಿನ ಬಂತು, ನಿಲ್ಲಲೇ ಇಲ್ಲ. ಗದ್ದೇಲಿ ಕಪ್ಪೆ ವಟರ್ ವಟರ್!

ಚಿಕ್ಕಿ ಮೆಲ್ಲಗೆ ಒಂದು ಕಣ್ಣು ತೆರೆಯಿತು. "ಹಲ್ಲಿಯಣ್ಣಾ…?"

"ಲೊಚ್ ಲೊಚ್ ಲೊಚ್. ಈಗ ಸರಿ!"

ಮಳೆ ಸ್ವಲ್ಪ ಹೊಳವಾದಾಗ ಅಜ್ಜಿ ಗೋಡೆಯಿಂದ ಬೀಜ ಕೆರೆದು ತೆಗೆದಳು. ಕೆರ್ ಕೆರ್ ಕೆರ್. (ಉಗುರಿಂದ ಗೀರಿದ ಹಾಗೆ.) ಚಪ್ಪರದ ಬುಡದಲ್ಲಿ ಪುಟ್ಟಿ ಬೆರಳಿಂದ ಮಣ್ಣಲ್ಲಿ ತೂತು ಮಾಡಿದಳು. ಚಿಕ್ಕಿಯನ್ನು ಒಳಗೆ ಬಿಟ್ಟಳು. ಮಣ್ಣು ಮುಚ್ಚಿದಳು. (ಮುಷ್ಟಿ ಮೇಲೆ ಇನ್ನೊಂದು ಕೈ ಮುಚ್ಚಿ.)

ಮಾರನೇ ದಿನ ಬೆಳಿಗ್ಗೆ ಪುಟ್ಟಿ ಹಲ್ಲೂ ಉಜ್ಜಲಿಲ್ಲ, ಓಡಿ ಬಂದಳು. ನೋಡಿದರೆ ಬರೀ ಮಣ್ಣು. "ಇನ್ನೂ ಹುಟ್ಟೇ ಇಲ್ಲ! ಅಗೆದು ನೋಡ್ಲಾ?" ಅಂತ ಬೆರಳು ಹಾಕಿದಳು.

ಮಣ್ಣಿನ ಒಳಗಿಂದ ಸಣ್ಣ ದನಿ ಬಂತು. ಏನಂತ ಹೇಳಿರಬಹುದು?

(ಮಕ್ಕಳೇ ಹೇಳಲಿ. ಹೇಳ್ತಾರೆ.)

"ಲೊಚ್ ಲೊಚ್ ಲೊಚ್. ಈಗ ಬೇಡ!"

ಪುಟ್ಟಿ ಬೆರಳು ತೆಗೆದಳು. ಚಪ್ಪರದ ಬುಡದಲ್ಲಿ ಅಂಗೈ ಊರಿ, ಹಲ್ಲಿ ಥರ ಕೂತಳು. ಅವಳಿಗೆ ಕಾಣಲಿಲ್ಲ, ಆದರೆ ಮಣ್ಣೊಳಗೆ ಚಿಕ್ಕಿ ನೀರು ಕುಡೀತಾ ಇತ್ತು. ಗುಟುಕ್, ಗುಟುಕ್. ಉಬ್ಬಿತು. (ಕೆನ್ನೆ ಉಬ್ಬಿಸಿ.) ಪಟ್ ಅಂತ ಸಿಪ್ಪೆ ಬಿರಿಯಿತು. ಬಿಳೀ ಬೇರು ಕೆಳಗೆ, ಕೆಳಗೆ, ಕೆಳಗೆ. (ಒಂದು ಬೆರಳು ನೆಲದ ಕಡೆಗೆ.)

ಐದನೇ ದಿನ ಮಣ್ಣು ಸ್ವಲ್ಪ ಎದ್ದಿತ್ತು. ಅದರಿಂದ ಚಿಕ್ಕಿ ಬೆನ್ನು ಬಗ್ಗಿಸಿಕೊಂಡು ಮೇಲೆ ಬಂತು. (ಕೂತಲ್ಲಿಂದ ನಿಧಾನಕ್ಕೆ ಏಳಿ, ತಲೆ ಕೊನೇಲಿ ಎತ್ತಿ.) ಬೀಜದ ಸಿಪ್ಪೆ ಇನ್ನೂ ತಲೆ ಮೇಲೇ ಇತ್ತು, ಟೊಪ್ಪಿ ಹಾಗೆ! (ನೆತ್ತಿ ಮೇಲೆ ಕೈ.)

"ಅಜ್ಜೀ, ಟೊಪ್ಪಿ ತೆಗೀಲಾ?"

"ಬೇಡ ಪುಟ್ಟೀ, ಎಳೆದರೆ ಎಲೆ ಹರೀತದೆ. ಅದೇ ತೆಕ್ಕೊಳ್ತದೆ."

ಮಧ್ಯಾಹ್ನದ ಹೊತ್ತಿಗೆ ಟೊಪ್ಪಿ ತಾನೇ ಜಾರಿ ಬಿತ್ತು. ಎರಡು ಹಸಿರು ಎಲೆ, ಜೋಡಿಸಿದ ಕೈ ಬಿಚ್ಚಿದ ಹಾಗೆ ಬಿಚ್ಚಿಕೊಂಡಿತು. (ಅಂಗೈ ಜೋಡಿಸಿ, ಮೆಲ್ಲಗೆ ಬಿಚ್ಚಿ.)

ಪುಟ್ಟಿ ಅಡುಗೆಮನೆಗೆ ಓಡಿದಳು. (ನಿಂತಲ್ಲೇ ಓಡಿ.) "ಹಲ್ಲಿಯಣ್ಣಾ! ಹಲ್ಲಿಯಣ್ಣಾ! ಚಿಕ್ಕಿ ಹುಟ್ತು!"

ಹಲ್ಲಿಯಣ್ಣ ಮಾತಾಡಲಿಲ್ಲ. ತಿರುಗಿಯೂ ನೋಡಲಿಲ್ಲ.

ದೀಪದ ಹತ್ತಿರ ಒಂದು ಹುಳ ಬಂದಿತ್ತು.

ಶ್… (ಅಂಗೈ ನೆಲಕ್ಕೆ. ಎಲ್ಲರೂ ಗಪ್‌ಚಿಪ್.)