ವಿಷಯ: ಬದಿಯಡ್ಕ ಗೋದಾಮಿನ ಮಾಡು ರಿಪೇರಿ – ಗುರುವಾರ, ಮೇ 21ರೊಳಗೆ ನಿಮ್ಮ ಒಪ್ಪಿಗೆ ಬೇಕಾಗಿದೆ

ಗೆ: ಜನರಲ್ ಮ್ಯಾನೇಜರ್, ಮಂಗಳೂರು ಕಚೇರಿ
ಪ್ರತಿ: ಏರಿಯಾ ಮ್ಯಾನೇಜರ್, ಬದಿಯಡ್ಕ–ಮುಳ್ಳೇರಿಯ
ದಿನಾಂಕ: 18 ಮೇ 2026, ಸೋಮವಾರ

ಜನರಲ್ ಮ್ಯಾನೇಜರ್ ಮೇಡಂ ಅವರಿಗೆ ನಮಸ್ಕಾರ.

ನಾನು ಬದಿಯಡ್ಕ ಅಡಿಕೆ ಖರೀದಿ ಕೇಂದ್ರದಲ್ಲಿ ದಾಸ್ತಾನು ನೋಡಿಕೊಳ್ಳುವವನು. ಕಳೆದ ಡಿಸೆಂಬರಿನಲ್ಲಿ ನೀವು ಇಲ್ಲಿಗೆ ಬಂದಿದ್ದಾಗ ಗೋದಾಮು ತೋರಿಸಿದ್ದು ನಾನೇ. ನೇರವಾಗಿ ನಿಮಗೆ ಬರೆಯುತ್ತಿರುವುದು ಇದೇ ಮೊದಲು. ನಮ್ಮ ಮ್ಯಾನೇಜರ್ ಸರ್‌ಗೆ ತಿಳಿಸದೆ ಬರೆಯುತ್ತಿಲ್ಲ. ಇವತ್ತು ಬೆಳಿಗ್ಗೆ ಅವರಿಗೆ ವಾಟ್ಸಾಪಿನಲ್ಲಿ ಹೇಳಿದ್ದೇನೆ: "ಸರ್, ಮಳೆ ಹತ್ತಿರ ಬಂತು, ಮಾಡಿನ ವಿಷಯ ಮೇಡಂ ಗಮನಕ್ಕೂ ತರುತ್ತೇನೆ. ನಿಮಗೆ ಬೇರೆ ಯೋಚನೆ ಇದ್ದರೆ ಮಧ್ಯಾಹ್ನದ ಒಳಗೆ ಹೇಳಿ, ಕಳಿಸುವುದಿಲ್ಲ." ಈಗ ಸಂಜೆ ನಾಲ್ಕು ಗಂಟೆ. ಈ ಪತ್ರದ ಪ್ರತಿ ಅವರಿಗೂ ಹೋಗುತ್ತಿದೆ.

ಮೇ 2ರ ಶನಿವಾರ ರಾತ್ರಿ ಇಲ್ಲಿ ಗಾಳಿ ಮಳೆ ಜೋರಾಗಿ ಬಂತು. ಸೋಮವಾರ ಗೋದಾಮು ತೆರೆದಾಗ ಪೂರ್ವದ ಮೂಲೆಯಲ್ಲಿ ನೆಲ ಒದ್ದೆಯಾಗಿತ್ತು. ಮೇಲಿನ ಗೋಣಿಗಳು ಮುಟ್ಟಿದರೆ ಒಣಗಿಯೇ ಇದ್ದವು. ಅಡಿಯ ಸಾಲು ಎಳೆದು ನೋಡಿದರೆ 14 ಗೋಣಿಗಳ ತಳ ನೆನೆದಿತ್ತು. ಬಿಚ್ಚಿ ಒಂದು ಹಿಡಿ ಅಡಿಕೆ ಸಿಮೆಂಟಿನ ಮೇಲೆ ಹಾಕಿದೆ. ಒಣಗಿದ ಚಾಲಿ ನೆಲಕ್ಕೆ ಬಿದ್ದರೆ ಕಟಕಟ ಸದ್ದು ಬರಬೇಕಲ್ವಾ? ಇದು ಮೆತ್ತಗೆ ಬಿತ್ತು. 11 ಗೋಣಿಯ ಅಡಿಕೆಯನ್ನು ಆ ವಾರವೇ ಅಂಗಳದಲ್ಲಿ ಹರಗಿ ಉಳಿಸಿಕೊಂಡೆವು. ಮೂರು ಗೋಣಿಯದ್ದಕ್ಕೆ ಆಗಲೇ ಬೂಸ್ಟು ಹಿಡಿದಿತ್ತು. ಅದನ್ನು ಬೇರೆ ಇಟ್ಟು ಫೋಟೋ ತೆಗೆದಿದ್ದೇನೆ. ಅದು ಇನ್ನು ಹೊಸ ಚಾಲಿಯ ರೇಟಿಗೆ ಹೋಗುವುದಿಲ್ಲ.

ಸೋರುತ್ತಿರುವುದು ಮೂಲೆಯ ಒಂಬತ್ತು ಶೀಟುಗಳಲ್ಲಿ. ಬೋಲ್ಟಿನ ತೂತುಗಳು ತುಕ್ಕು ಹಿಡಿದು ಅಗಲವಾಗಿವೆ. ಸದ್ಯಕ್ಕೆ ಒಳಗಿನಿಂದ ಟಾರ್ಪಾಲ್ ಕಟ್ಟಿ, ಆ ಕಡೆಯ ಗೋಣಿಗಳನ್ನೆಲ್ಲ ಮರದ ಹಲಗೆಯ ಮೇಲೆ ಎತ್ತಿ ಇಟ್ಟಿದ್ದೇವೆ. ಒಂದೆರಡು ಮಳೆಗೆ ಇದು ಸಾಕು. ಮಳೆಗಾಲಕ್ಕೆ ಸಾಲದು. ಈಗ ಒಳಗೆ ಒಟ್ಟು 620 ಗೋಣಿ ಇದೆ, ಅದರಲ್ಲಿ 240 ಆ ಮಾಡಿನ ಅಡಿಯಲ್ಲೇ ಇದೆ. ನೀರು ನೇರವಾಗಿ ಬೀಳದಿದ್ದರೂ ತೊಂದರೆ ತಪ್ಪುವುದಿಲ್ಲ. ಒಂದು ಮೂಲೆ ಒದ್ದೆ ಇದ್ದರೆ ಗೋದಾಮಿನ ಗಾಳಿಯೇ ಥಂಡಿ ಹಿಡಿಯುತ್ತದೆ, ಚೆನ್ನಾಗಿ ಒಣಗಿದ ಅಡಿಕೆಯೂ ಆ ತೇವ ಎಳೆದುಕೊಳ್ಳುತ್ತದೆ. ಕೃಷಿಕರು ತಿಂಗಳ ಮೇಲೆ ಬಿಸಿಲಿಗೆ ಹಾಕಿ, ದಿನಾ ಸಂಜೆ ರಾಶಿ ಮಾಡಿ ಮುಚ್ಚಿ ಒಣಗಿಸಿ ತಂದ ಮಾಲು ಇದು. ನಮ್ಮ ಕೈಗೆ ಬಂದ ಮೇಲೆ ಹಾಳಾದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ರಿಪೇರಿಗೆ ಕೊಟೇಶನ್ ತರಿಸಿದ್ದೇನೆ. ಅದು ಮಲಯಾಳದಲ್ಲಿ ಇರುವುದರಿಂದ ಲೆಕ್ಕ ಇಲ್ಲಿ ಬರೆಯುತ್ತೇನೆ: ಒಂಬತ್ತು ಶೀಟಿಗೆ ತಲಾ 2,200ರಂತೆ 19,800 ರೂಪಾಯಿ, ಬೋಲ್ಟು, ವಾಷರ್ ಮತ್ತು ಅಂಟಿಗೆ 4,700, ಕೂಲಿ 14,000. ಒಟ್ಟು 38,500 ರೂಪಾಯಿ. ಎರಡು ದಿನದ ಕೆಲಸ. ಶೀಟಿನವರು ಇದೇ 22 ಮತ್ತು 23ಕ್ಕೆ ಬರಲು ಒಪ್ಪಿದ್ದಾರೆ. ಪತ್ತನಾಜೆ ಕಳೆದ ಮೇಲೆ ಮಾಡು ಹತ್ತುವುದಿಲ್ಲ, ಒದ್ದೆ ಶೀಟು ಕಾಲು ಜಾರುತ್ತದೆ ಎಂದು ಮೊದಲೇ ಹೇಳಿದ್ದಾರೆ. ಅವರು ಹೇಳುವುದೂ ಸರಿಯೇ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಆದರೆ 2025ರಲ್ಲಿ ಅದು ಮೇ 24ಕ್ಕೇ ಬಂದಿತ್ತು. ಈ ಸಲವೂ ಹಾಗೇ ಆದರೆ ನಮಗೆ ಉಳಿದಿರುವುದು ಈ ಒಂದು ವಾರ ಮಾತ್ರ.

ಮ್ಯಾನೇಜರ್ ಸರ್‌ಗೆ ಮೇ 4, 9 ಮತ್ತು 14ರಂದು ಮೇಲ್ ಮಾಡಿದ್ದೆ. ನಡುವೆ ಎರಡು ಸಲ ಫೋನೂ ಮಾಡಿದ್ದೆ. ಆ ಮೇಲ್‌ಗಳನ್ನು ಇದರ ಜೊತೆ ಸೇರಿಸಿಲ್ಲ. ನಿಮ್ಮ ಮುಂದೆ ಇಡಬೇಕಾದದ್ದು ಮಾಡಿನ ವಿಷಯ, ಅವರ ಮೇಲಿನ ದೂರಲ್ಲ. ಉತ್ತರ ಬಾರದಿರಲು ಏನು ಕಾರಣವೋ, ಅದನ್ನು ನಾನು ಊಹಿಸಿ ಬರೆಯುವುದು ಸರಿಯಲ್ಲ. ನನ್ನ ಕಣ್ಣಿಗೆ ಕಾಣುವುದು ಇಷ್ಟು: ಫೆಬ್ರವರಿಯಿಂದ ಮುಳ್ಳೇರಿಯ ಕೇಂದ್ರವೂ ಅವರ ಮೇಲೆಯೇ ಬಿದ್ದಿದೆ. ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಇಲ್ಲಿ, ರಾತ್ರಿ ಎರಡೂ ಕಡೆಯ ಬಿಲ್ಲು. 2021ರಲ್ಲಿ ನಾನು ಸೇರಿದಾಗ ಕರಿಗೋಟು, ಉಳ್ಳಿಗಡ್ಡೆ, ಪಟೋರ ಎಲ್ಲವನ್ನೂ ಕೈಯಲ್ಲಿ ಹಿಡಿದು ಬೇರೆ ಮಾಡಲು ಕಲಿಸಿದವರು ಅವರೇ. ಅವರ ಕೈಕೆಳಗೆ ಕೆಲಸ ಮಾಡಲು ನನಗೆ ಇವತ್ತಿಗೂ ಖುಷಿಯೇ. ಈ ಪತ್ರದಿಂದ ಅವರಿಗೆ ಒಂದು ಮಾತೂ ಕೇಳಬೇಕಾಗಿ ಬರಬಾರದು ಎಂಬುದು ನನ್ನ ಮನಸ್ಸಿನ ಮಾತು.

ನಿಮಗೆ ನೇರವಾಗಿ ಬರೆಯಲು ಇನ್ನೊಂದು ಕಾರಣವೂ ಇದೆ. ನನ್ನ ಮಟ್ಟದಲ್ಲಿ 5,000 ರೂಪಾಯಿವರೆಗೆ, ಸರ್ ಮಟ್ಟದಲ್ಲಿ 25,000ದವರೆಗೆ ಮಾತ್ರ ಖರ್ಚಿಗೆ ಒಪ್ಪಿಗೆ ಕೊಡಬಹುದು. ಹಾಗಾಗಿ ಈ ಕೊಟೇಶನ್ ಅವರು ಒಪ್ಪಿದರೂ ಕೊನೆಗೆ ನಿಮ್ಮ ಮೇಜಿಗೇ ಬರಬೇಕಿತ್ತು. ಸ್ವಲ್ಪ ಮೊದಲೇ ನಿಮಗೆ ತೋರಿಸುತ್ತಿದ್ದೇನೆ, ಅಷ್ಟೆ. ಮಾಡನ್ನು ಎರಡು ತುಂಡು ಬಿಲ್ ಮಾಡಿ ಮುಗಿಸಬಹುದಲ್ಲ ಎಂದು ಇಲ್ಲಿ ಒಬ್ಬರು ಸಲಹೆ ಕೊಟ್ಟರು. ಅದು ನನಗೆ ಸರಿ ಕಾಣಲಿಲ್ಲ.

ನಿಮ್ಮಿಂದ ಬೇಕಾಗಿರುವುದು ಎರಡರಲ್ಲಿ ಒಂದು. 38,500 ರೂಪಾಯಿಯ ರಿಪೇರಿಗೆ ಗುರುವಾರದ ಒಳಗೆ ಒಪ್ಪಿಗೆ ಕೊಟ್ಟರೆ ಶುಕ್ರವಾರ ಕೆಲಸ ಶುರು ಮಾಡಿಸುತ್ತೇನೆ. ಈಗ ಖರ್ಚು ಬೇಡ ಎಂದಾದರೆ ಆ 240 ಗೋಣಿಯನ್ನು ಮುಳ್ಳೇರಿಯ ಗೋದಾಮಿಗೆ ಸಾಗಿಸಲು ಅನುಮತಿ ಕೊಡಿ. ಅಲ್ಲಿ ಜಾಗ ಇದೆ, ಅಲ್ಲಿನವರನ್ನು ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಲೋಡಿಂಗ್ ಯೂನಿಯನಿನವರಿಗೆ ಮಾತ್ರ ಒಂದು ದಿನ ಮೊದಲು ಹೇಳಬೇಕು. ನನ್ನ ಅಭಿಪ್ರಾಯ ಕೇಳಿದರೆ ರಿಪೇರಿಯೇ ಒಳ್ಳೆಯದು. ಸಾಗಿಸಿದರೆ ಮಾಲು ಉಳಿಯುತ್ತದೆ, ಆದರೆ ಮಾಡು ಹಾಗೇ ಇರುತ್ತದೆ, ಮಳೆಗಾಲ ಪೂರ್ತಿ ಅರ್ಧ ಗೋದಾಮು ಸುಮ್ನೆ ಖಾಲಿ ಬಿಡಬೇಕಾಗುತ್ತದೆ.

ನಿಮ್ಮ ಉತ್ತರವನ್ನು ಮ್ಯಾನೇಜರ್ ಸರ್‌ಗೇ ಕಳಿಸಿ, ನನಗೆ ಪ್ರತಿ ಹಾಕಿದರೆ ಸಾಕು. ಅವರು ಹೇಳಿದ ಹಾಗೆ ನಾನು ಮುಂದುವರಿಸುತ್ತೇನೆ. ಅಷ್ಟರೊಳಗೆ ಅವರೇ ತೀರ್ಮಾನ ತಿಳಿಸಿದರೆ ಅದೇ ದಿನ ನಿಮಗೆ ಒಂದು ಸಾಲು ಬರೆಯುತ್ತೇನೆ, ನೀವು ಇದನ್ನು ಅಲ್ಲಿಗೇ ಬಿಡಬಹುದು.

ಫೋಟೋ, ಕೊಟೇಶನ್ ಮತ್ತು ಇವತ್ತಿನ ದಾಸ್ತಾನು ಪಟ್ಟಿ ಲಗತ್ತಿಸಿದ್ದೇನೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ನಾನು ಗೋದಾಮಿನಲ್ಲೇ ಇರುತ್ತೇನೆ. ಒಳಗೆ ಮೊಬೈಲಿಗೆ ರೇಂಜ್ ಸಿಗುವುದು ಕಷ್ಟ, ಕೇಂದ್ರದ ಲ್ಯಾಂಡ್‌ಲೈನಿಗೆ ಮಾಡಿದರೆ ಕರೆಯುತ್ತಾರೆ.

ಇಂತಿ ವಂದನೆಗಳೊಂದಿಗೆ,
ದಾಸ್ತಾನು ಮೇಲ್ವಿಚಾರಕ
ಅಡಿಕೆ ಖರೀದಿ ಕೇಂದ್ರ, ಬದಿಯಡ್ಕ, ಕಾಸರಗೋಡು ಜಿಲ್ಲೆ